ಕಿಲೋಮೀಟರಿಗೆ 13 ರೂಪಾಯಿ ಬಾಡಿಗೆ, ಕೈಗೆ ಉಳಿಯುವುದೆಷ್ಟು?

ಪ್ರಶ್ನೆ (ವಿಜಯಪುರದ ಟ್ಯಾಕ್ಸಿ ಚಾಲಕ): ಹಳೆಯ ಡೀಸೆಲ್ ಸೆಡಾನ್ ಗಾಡಿ, ಸಾಲದ ಮೇಲೆ ತಗೊಂಡಿದ್ದೇನೆ. ಬಾದಾಮಿ, ಕೂಡಲಸಂಗಮ, ಪಂಢರಪುರ, ಸೋಲಾಪುರ ಕಡೆ ಬಾಡಿಗೆ ಓಡಿಸುತ್ತೇನೆ. ಕಿಲೋಮೀಟರಿಗೆ 13 ಸಿಗುತ್ತದೆ, ಡೀಸೆಲ್‌ಗೆ ನಾಲ್ಕೂವರೆ ಹೋಗುತ್ತದೆ, ಅಂದರೆ ಎಂಟೂವರೆ ಉಳಿಯಬೇಕಲ್ವಾ? ಉಳಿಯುತ್ತಿಲ್ಲ. ಈಗ ಒಂದು ಕಾರ್ಖಾನೆಯವರು ಸಿಬ್ಬಂದಿಯನ್ನು ಕರೆದೊಯ್ಯಲು 8 ರೂಪಾಯಿಗೆ ಕೇಳುತ್ತಿದ್ದಾರೆ, ದಿನಾ ಗ್ಯಾರಂಟಿ. ಹಿಡಿಯಲೇ? ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಟ್ರಿಪ್ ಪುಸ್ತಕದ ಫೋಟೋ, ಡೀಸೆಲ್ ಬಿಲ್ಲು ಹಾಕಿದ್ದೇನೆ. ಲೆಕ್ಕ ಬಲ್ಲವರು ನೋಡಿ ಹೇಳಿ.

ಬೆಳಗಾವಿಯ ಚಾಲಕ: ಅಣ್ಣಾ, ನಾನು ಊರೊಳಗೆ ಆ್ಯಪ್ ಮೇಲೆ ಓಡಿಸುತ್ತೇನೆ. ಕಿಲೋಮೀಟರ್ ಲೆಕ್ಕ ಇಡುವುದೇ ಬಿಟ್ಟಿದ್ದೇನೆ. ರಾತ್ರಿ ಕಿಸೆಯಲ್ಲಿ ಎಷ್ಟಿದೆ ಅಂತ ಎಣಿಸುತ್ತೇನೆ, ಸಾವಿರ ದಾಟಿದರೆ ಆ ದಿನ ಚಲೋ. ತೆರಿಗೆಗೆ ಅಂತ ಕೇಳಿದ್ದರೆ ಆದಾಯ ತೆರಿಗೆಯ 44ಎಇ ಸೆಕ್ಷನ್ ಹಾಕಿಬಿಡಿ, ಗಾಡಿಗೆ ತಿಂಗಳಿಗೆ 7,500 ಲಾಭ ಅಂತ ತೋರಿಸಿದರೆ ಮುಗಿಯಿತು.

ಬಾಗಲಕೋಟೆಯ ಹಿರಿಯ ಚಾಲಕ: ತಮ್ಮಾ, ಮೂವತ್ತು ವರ್ಷ ಗಾಡಿ ಓಡಿಸಿದವನು ಹೇಳುತ್ತೇನೆ ಕೇಳು. ಖಾಲಿ ಓಡಿದ ಕಿಲೋಮೀಟರನ್ನು ಯಾರೂ ಬರೆಯುವುದಿಲ್ಲ, ರೊಕ್ಕ ಅಲ್ಲೇ ಸೋರುವುದು. ಆದರೆ ಕಂತನ್ನು ಖರ್ಚಿಗೆ ಹಾಕಬೇಡ. ಕಂತು ಮುಗಿದರೆ ಗಾಡಿ ನಿನ್ನದೇ ಆಗುತ್ತದೆ. ಅದು ಉಳಿತಾಯ ಇದ್ದ ಹಾಗೆ.

ಲೆಕ್ಕಪತ್ರ ನೋಡುವ ಮೇಡಂ, ವಿಜಯಪುರ: ಫೋಟೋಗಳನ್ನು ಪೂರಾ ನೋಡಿದೆ. ಪುಸ್ತಕ ಚೆನ್ನಾಗಿ ಇಟ್ಟಿದ್ದೀರಿ, ಆದರೆ ಅದರಲ್ಲಿ ಒಂದು ತೂತಿದೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ನಿಮ್ಮ ಟ್ರಿಪ್‌ಗಳನ್ನೆಲ್ಲ ಕೂಡಿಸಿದರೆ 12,780 ಕಿ.ಮೀ. ಬರುತ್ತದೆ. ಅಕ್ಟೋಬರ್ 1ರ ಬೆಳಗಿನ ರೀಡಿಂಗ್ 1,38,400, ಡಿಸೆಂಬರ್ 31ರ ರಾತ್ರಿಯದು 1,51,900. ಗಾಡಿ ಓಡಿದ್ದು 13,500. ನಡುವಿನ 720 ಕಿ.ಮೀ. ಎಲ್ಲೂ ಬರೆದಿಲ್ಲ. ಇದನ್ನು ಹಿಡಿಯುವುದು ಸುಲಭ: ನಿನ್ನೆ ಸಂಜೆ ಬರೆದ ರೀಡಿಂಗ್ ಮತ್ತು ಇವತ್ತು ಬೆಳಗ್ಗೆ ಬರೆದದ್ದು ಒಂದೇ ಇರಬೇಕು. ಮೊಬೈಲ್‌ನ ಶೀಟ್‌ನಲ್ಲಿ B ಕಾಲಂಗೆ ಶುರುವಿನ ರೀಡಿಂಗ್, C ಕಾಲಂಗೆ ಕೊನೆಯದು ಹಾಕಿ, D ಕಾಲಂನ ಮೂರನೇ ಸಾಲಿನಲ್ಲಿ ಇದನ್ನು ಬರೆದು ಕೆಳಗೆ ಎಳೆಯಿರಿ.

```
=B3-C2
```

ಸೊನ್ನೆ ಬಾರದ ದಿನ ಗಾಡಿ ನಿಮಗೆ ಗೊತ್ತಿಲ್ಲದೆ ಓಡಿಲ್ಲ, ನೀವು ಬರೆದಿಲ್ಲ ಅಷ್ಟೇ.

ಇನ್ನೊಂದು. ಗಿರಾಕಿಯಿಂದ ರೊಕ್ಕ ಬಂದದ್ದು 11,000 ಕಿ.ಮೀ.ಗೆ ಮಾತ್ರ. ಉಳಿದ 2,500 ಖಾಲಿ ಓಡಾಟ. ಗಿರಾಕಿಯ ಮನೆತನಕ ಹೋದದ್ದು, ಸೋಲಾಪುರದಲ್ಲಿ ಇಳಿಸಿ ಒಬ್ಬರೇ ವಾಪಸ್ ಬಂದದ್ದು, ಗ್ಯಾರೇಜು, ಮನೆ ಕೆಲಸ ಎಲ್ಲ ಅದರಲ್ಲಿ ಬಂತು. ಈ ಮಾತಿನಲ್ಲಿ ಕಾಕಾ ಅವರು ಹೇಳಿದ್ದು ಪೂರ್ತಿ ಸರಿ.

ಡೀಸೆಲ್‌ಗೆ ನಾಲ್ಕೂವರೆ ಅಂದಿರಿ. ಅದು ಡ್ಯಾಶ್‌ಬೋರ್ಡ್ ತೋರಿಸುವ 20 ಮೈಲೇಜ್ ನಂಬಿ ಮಾಡಿದ ಲೆಕ್ಕ. ಬಿಲ್ಲು ಬೇರೆ ಹೇಳುತ್ತದೆ. ಮೊದಲ ಫುಲ್ ಟ್ಯಾಂಕ್‌ನಿಂದ ಕೊನೆಯ ಫುಲ್ ಟ್ಯಾಂಕ್‌ವರೆಗೆ ನೀವು ತುಂಬಿಸಿದ್ದು 750 ಲೀಟರ್. ನಡುವೆ 500, 1,000 ರೂಪಾಯಿಗೆ ಹಾಕಿಸಿದ್ದೂ ಅದರಲ್ಲಿ ಸೇರಿದೆ. ಅಂದರೆ ಮೈಲೇಜ್ 18. ಗೋಳಗುಮ್ಮಟದ ಮುಂದೆ ಎಸಿ ಹಾಕಿಕೊಂಡು ಕಾದದ್ದೂ ಇದರೊಳಗೇ ಬಂತು. ಲೀಟರಿಗೆ 91ರಂತೆ 68,250 ರೂಪಾಯಿ, ಓಡಿದ ಪ್ರತಿ ಕಿ.ಮೀ.ಗೆ 5.06.

ರಿಪೇರಿಗೆ ಈ ಮೂರು ತಿಂಗಳಲ್ಲಿ ನೀವು ಕೊಟ್ಟದ್ದು ಒಂದು ಸರ್ವಿಸ್‌ನ 7,000 ಮಾತ್ರ. ಅದನ್ನೇ ಖರ್ಚು ಅಂದುಕೊಂಡರೆ ಮೋಸ ಹೋಗುತ್ತೀರಿ. ನಾಲ್ಕು ಟೈರು 18,000, 45,000 ಕಿ.ಮೀ. ಬಾಳುತ್ತವೆ ಅಂದರೆ ಕಿ.ಮೀ.ಗೆ 40 ಪೈಸೆ ಈಗಲೇ ಸವೆಯುತ್ತಿದೆ. ಹತ್ತು ಸಾವಿರಕ್ಕೊಂದು ಸರ್ವಿಸ್, 70 ಪೈಸೆ. ಕ್ಲಚ್, ಬ್ರೇಕ್, ಸಸ್ಪೆನ್ಷನ್, ಬ್ಯಾಟರಿಗೆ ನಾನು 50 ಪೈಸೆ ಹಿಡಿದೆ. ಇದು ನನ್ನ ಅಂದಾಜು, ನಿಮ್ಮ ಗ್ಯಾರೇಜಿನ ಎರಡು ವರ್ಷದ ಹಳೇ ಬಿಲ್ಲು ಸಿಕ್ಕರೆ ಅದನ್ನೇ ಹಾಕಿ. ಒಟ್ಟು 1.60. ಡೀಸೆಲ್ ಸೇರಿ ಗಾಡಿ ಒಂದು ಕಿ.ಮೀ. ಉರುಳಿದರೆ 6.66 ಖರ್ಚು.

ಇನ್ನು ಗಾಡಿ ಉರುಳದಿದ್ದರೂ ಹೋಗುವ ಖರ್ಚು. ತಿಂಗಳಿಗೆ 11,000 ಕಂತು, ವರ್ಷಕ್ಕೆ 36,000 ವಿಮೆ, ಪರ್ಮಿಟ್ ಫಿಟ್‌ನೆಸ್ ತೆರಿಗೆ ಅಂತ ನೀವು ಬರೆದ 6,000. ಮೂರು ತಿಂಗಳ ಪಾಲು 43,500. ಇದನ್ನು 92 ದಿನಕ್ಕೆ ಹಂಚಿದರೆ ದಿನಕ್ಕೆ 473. ಆದರೆ ಗಾಡಿ ದುಡಿದದ್ದು 58 ದಿನ. 34 ದಿನ ಬಾಗಿಲ ಮುಂದೆ ನಿಂತಿತ್ತು. ನಿಂತ ದಿನದ ಖರ್ಚನ್ನೂ ಓಡಿದ ದಿನವೇ ಹೊರಬೇಕು. ಹಾಗಾಗಿ ನೀವು ಕೀ ತಿರುಗಿಸಿದ ಪ್ರತಿ ದಿನದ ತಲೆಯ ಮೇಲೆ ಮೊದಲೇ 750 ರೂಪಾಯಿ ಕೂತಿರುತ್ತದೆ.

ಈಗ ಕೂಡಿಸಿ ನೋಡೋಣ. ಬಾಡಿಗೆ 1,43,000, ಬಾಟಾ 12,000, ಅದರಲ್ಲಿ ಏಜೆಂಟರ ಕಮಿಷನ್ 7,000 ತೆಗೆದರೆ 1,48,000. ಓಡಾಟದ ಖರ್ಚು 89,850 ಕಳೆದರೆ 58,150. ನಿಂತ ಖರ್ಚು 43,500 ಕಳೆದರೆ 14,650. ಮೂರು ತಿಂಗಳಿಗೆ! ಓಡಿದ ಕಿ.ಮೀ.ಗೆ 1.09, ಗಿರಾಕಿ ರೊಕ್ಕ ಕೊಟ್ಟ ಕಿ.ಮೀ.ಗೆ 1.33. ಹೊರಗಿನ ಊಟ, ಚಹಾ ಇನ್ನೂ ಇದರಲ್ಲೇ ಆಗಬೇಕು.

ಕೇಳಿದವರು: ಮೇಡಂ, ತಿಂಗಳಿಗೆ 13 ಸಾವಿರ ಕೈಯಲ್ಲಿ ಉಳಿಯುತ್ತಿತ್ತು. ನಿಮ್ಮ ಲೆಕ್ಕದಲ್ಲಿ 5 ಸಾವಿರವೂ ಇಲ್ಲ. ಎಲ್ಲಿ ಹೋಯಿತು?

ಮೇಡಂ: ಎಲ್ಲೂ ಹೋಗಿಲ್ಲ, ಇನ್ನೂ ನಿಮ್ಮ ಕೈಯಲ್ಲೇ ಇದೆ. ಆದರೆ ನಿಮ್ಮದಲ್ಲ. ಮೂರು ತಿಂಗಳಲ್ಲಿ ನೀವು ಕಂಡದ್ದು 39,750. ಅದರಲ್ಲಿ 14,600 ಟೈರು, ಕ್ಲಚ್ಚಿನದು, 10,500 ವಿಮೆ ಪರ್ಮಿಟ್ಟಿನದು. ವಿಮೆ ಕಟ್ಟುವ ತಿಂಗಳು ಯಾರ ಹತ್ತಿರವಾದರೂ ಕೈಗಡ ತಗೊಂಡಿದ್ದೀರಾ?

ಕೇಳಿದವರು: ಹೌದು ರೀ. ಹೋದ ವರ್ಷ ಅಳಿಯನ ಹತ್ತಿರ 20 ಸಾವಿರ.

ಬಾಗಲಕೋಟೆಯ ಹಿರಿಯ ಚಾಲಕ: ಮೇಡಂ, ನೀವು ಕಂತನ್ನು ಪೂರ್ತಿ ಖರ್ಚಿಗೆ ಹಾಕಿದಿರಿ. ಹಾಗಾದರೆ ಗಾಡಿಗೆ ಬೆಲೆಯೇ ಇಲ್ಲವಾ?

ಮೇಡಂ: ಕಾಕಾ, ಅರ್ಧ ಮಾತು ನಿಮ್ಮದು ಸರಿ. ಅವರ ಸಾಲದ ಸ್ಟೇಟ್‌ಮೆಂಟ್‌ನಲ್ಲಿ 11,000ದೊಳಗೆ ಬಡ್ಡಿ ಸುಮಾರು 3,500, ಅಸಲು 7,500. ಬಡ್ಡಿ ಹೋದದ್ದು ಹೋಯಿತು. ಅಸಲು ಸಾಲವನ್ನು ಇಳಿಸುತ್ತದೆ, ಒಪ್ಪಿದೆ. ಆದರೆ ಅದೇ ಹೊತ್ತಿಗೆ ಗಾಡಿಯ ಬೆಲೆಯೂ ಇಳಿಯುತ್ತಿದೆ. ಅದೇ ಮಾಡೆಲ್‌ನ, ಅವರದಕ್ಕಿಂತ ಒಂದು ವರ್ಷ ಹಳೆಯ ಗಾಡಿ ಇಲ್ಲಿ ಎಷ್ಟಕ್ಕೆ ಹೋಗುತ್ತದೆ ಅಂತ ಸೆಕೆಂಡ್ ಹ್ಯಾಂಡ್ ಮಾರುವವರನ್ನು ಕೇಳಿ. ವ್ಯತ್ಯಾಸ 60,000 ಅಂತ ಹಿಡಿದರೆ ಮೂರು ತಿಂಗಳಿಗೆ 15,000. ಮೂರು ತಿಂಗಳ ಅಸಲು 22,500 ವಾಪಸ್ ಸೇರಿಸಿ, 15,000 ಕಳೆದರೆ ನಿಜವಾದ ಲಾಭ 22,150 ಆಗುತ್ತದೆ. ಓಡಿದ ಕಿ.ಮೀ.ಗೆ 1.64.

ಎರಡೂ ಅಂಕಿ ಸರಿಯೇ. ಈ ತಿಂಗಳು ಮನೆ ನಡೆಸಲು ಆಗುತ್ತದಾ ಅನ್ನುವುದಕ್ಕೆ 1.09 ನೋಡಿ. ಈ ಧಂದೆ ಮುಂದುವರಿಸಬೇಕಾ ಅನ್ನುವುದಕ್ಕೆ 1.64 ನೋಡಿ. ಅಸಲನ್ನೂ ಬೆಲೆ ಇಳಿದದ್ದನ್ನೂ ಒಟ್ಟಿಗೆ ಕಳೆಯಬೇಡಿ. ಹಾಗೆ ಮಾಡಿದರೆ ಒಂದೇ ಗಾಡಿಗೆ ಎರಡು ಸಲ ರೊಕ್ಕ ಕೊಟ್ಟಂತೆ.

ಬೆಳಗಾವಿಯ ತಮ್ಮಾ, 44ಎಇ ಇರುವುದು ಸರಕು ಸಾಗಿಸುವ ಗಾಡಿಗೆ. ಜನರನ್ನು ಕರೆದೊಯ್ಯುವ ಟ್ಯಾಕ್ಸಿಗೆ ಅದು ಬರುವುದಿಲ್ಲ. ಅವರು ತೆರಿಗೆ ಕೇಳಿಯೂ ಇಲ್ಲ.

ಕೇಳಿದವರು: ಹಾಗಾದರೆ 8 ರೂಪಾಯಿ? ಖರ್ಚು 6.66 ಅಂದಿರಿ, 1.34 ಉಳಿಯಿತಲ್ಲ. ಬೆಳಗ್ಗೆ 35 ಕಿ.ಮೀ. ಹೋಗಿ ಅಲ್ಲೇ ನಿಲ್ಲುವುದು, ಸಂಜೆ ಕರೆದುಕೊಂಡು ಬರುವುದು. ದಿನಕ್ಕೆ 70ರ ಬಿಲ್ಲು.

ಮೇಡಂ: ನಿಮ್ಮ ಮನೆಯಿಂದ ಅವರು ಹತ್ತುವ ಜಾಗ ಎಷ್ಟು ದೂರ?

ಕೇಳಿದವರು: ಆರು ಕಿ.ಮೀ. ಆಗಬಹುದು.

ಮೇಡಂ: ಹೋಗಿ ಬರಲು 12. ಗಾಡಿ ಓಡುವುದು 82, ಬಿಲ್ಲು 70ಕ್ಕೆ. 82ನ್ನು 6.66ರಿಂದ ಗುಣಿಸಿದರೆ 546. ಅವರು ಕೊಡುವುದು 560. ದಿನಪೂರ್ತಿ ಗಾಡಿಯನ್ನೂ ನಿಮ್ಮನ್ನೂ ಕಟ್ಟಿಹಾಕಿ 14 ರೂಪಾಯಿ. 473ರ ನಿಂತ ಖರ್ಚಿನ ಮಾತು ಇನ್ನೂ ಬಂದೇ ಇಲ್ಲ. ತಿಂಗಳಿಗೆ 26 ದಿನದ ಕೆಲಸ ಅಂದರೆ ನಿಂತ ಖರ್ಚು ದಿನಕ್ಕೆ 558, ಓಡಾಟದ 546 ಸೇರಿಸಿದರೆ ಸುಮಾರು 1,100 ಸಿಕ್ಕಾಗ ನೀವು ಸೊನ್ನೆಗೆ ಬಂದು ನಿಲ್ಲುತ್ತೀರಿ. ಸಂಬಳ ಅದರ ಮೇಲೆ. ಕಿ.ಮೀ. ದರ ಬಿಡಿ, ದಿನದ ಲೆಕ್ಕದಲ್ಲಿ ಮಾತಾಡಿ.

ಅದೇ ಸೋಲಾಪುರದಲ್ಲಿ ಗಿರಾಕಿ ಇಳಿಸಿ ಖಾಲಿ ಬರುವಾಗ ಯಾರಾದರೂ ನೂರು ಕಿ.ಮೀ.ಗೆ 600 ಕೊಡುತ್ತೇನೆ ಅಂದರೆ ಹತ್ತಿಸಿಕೊಳ್ಳಿ. ಕಿ.ಮೀ.ಗೆ 6 ಅಂದರೆ ಕಡಿಮೆ ಅನಿಸುತ್ತದೆ. ಆದರೆ ಆ ಡೀಸೆಲ್ ಹೇಗೂ ಉರಿಯುತ್ತಿತ್ತು, ಹೆಚ್ಚು ಕಡಿಮೆ ಅಷ್ಟೂ ಉಳಿಕೆಯೇ. ಸಾಗುವ ದಾರಿಯಲ್ಲಿ ಸಿಕ್ಕ 6 ಚಲೋ, ದಿನ ಕಳೆದು ಸಿಕ್ಕ 8 ಕೆಟ್ಟದ್ದು. ಪರ್ಮಿಟ್ ಯಾವುದಕ್ಕೆ ಅನುಮತಿ ಕೊಟ್ಟಿದೆ ಅಂತ ಮಾತ್ರ ನೋಡಿಕೊಳ್ಳಿ.

ಬೆಳಗಾವಿಯ ಚಾಲಕ: ಅಯ್ಯೋ, ನನ್ನ ಸಾವಿರ ರೂಪಾಯಿಯ ಚಲೋ ದಿನಾನೂ ಹೀಗೇ ಇರಬೇಕು. ನಾಳೆಯಿಂದ ರೀಡಿಂಗ್ ಬರೆಯುತ್ತೇನೆ.

ಬಾಗಲಕೋಟೆಯ ಹಿರಿಯ ಚಾಲಕ: ಮೇಡಂ, ಒಂದು ತಕರಾರು. ಅಕ್ಟೋಬರ್‌ನಿಂದ ಡಿಸೆಂಬರ್ ಅಂದರೆ ದಸರಾ, ದೀಪಾವಳಿ, ಶಾಲೆ ಪ್ರವಾಸ, ಎಲ್ಲ ಸೀಜನ್. ಆಷಾಢದಲ್ಲಿ ಮದುವೆ ಇಲ್ಲ, ಏನೂ ಇಲ್ಲ, ಗಾಡಿಗೆ ಧೂಳು ಹಿಡಿಯುತ್ತದೆ. ಆಗ ಈ 34 ದಿನ ಐವತ್ತೂ ಆದೀತು.

ಮೇಡಂ: ಹೌದು ಕಾಕಾ, ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. 6.66 ಅಷ್ಟಾಗಿ ಬದಲಾಗುವುದಿಲ್ಲ, 750 ಬದಲಾಗುತ್ತದೆ. 92ರಲ್ಲಿ 42 ದಿನ ಮಾತ್ರ ಓಡಿದರೆ ಅದು ಸಾವಿರ ದಾಟುತ್ತದೆ. ವರ್ಷದ ಪುಸ್ತಕ ಸಿಗುವ ತನಕ ಈ 1.09 ಒಳ್ಳೆಯ ದಿನಗಳ ಅಂಕಿ ಅಂತಲೇ ಇಟ್ಟುಕೊಳ್ಳಬೇಕು. ಕಾರ್ಖಾನೆ ಕೆಲಸ ಬರೀ ಆಷಾಢ ಕಳೆಯುವ ತನಕ ಸಿಗುವುದಾದರೆ ನನ್ನ ಮಾತು ಬೇರೆಯಾಗುತ್ತದೆ. ಬೇರೆ ಬಾಡಿಗೆ ತಪ್ಪದ ದಿನ 800 ಕೊಟ್ಟರೂ 250 ಉಳಿಯುತ್ತದಲ್ಲ.

ಕೇಳಿದವರು: ಅವರನ್ನು ಕೇಳಿದೆ. ದಿನದ ಲೆಕ್ಕ ಆಗುವುದಿಲ್ಲವಂತೆ, 9 ಮಾಡುತ್ತಾರಂತೆ, ವರ್ಷದ ಕರಾರು ಬೇಕಂತೆ. ಸೋಮವಾರದ ತನಕ ಟೈಮ್ ತಗೊಂಡಿದ್ದೇನೆ. ಮತ್ತೆ ಆ 720 ಕಿ.ಮೀ. ಹುಡುಕಿದೆ ಮೇಡಂ. ಅದರಲ್ಲಿ 410 ಅಳಿಯನ ತಂಗಿಯ ಮದುವೆಗೆ ಒಂದು ಸಲ ಬೆಳಗಾವಿ ಕಡೆ ಹೋಗಿ ಬಂದದ್ದು. ಡೀಸೆಲ್ ರೊಕ್ಕ ಕೇಳೋಣವೆಂದರೆ, ಅವನಿಗೆ ನಾನೇ 20 ಸಾವಿರ ಕೊಡಬೇಕು.