ರೆಕಾರ್ಡ್ ಮಾಡಿದ ಭಾಷಣದಾಗ ‘ಆ…’, ‘ಅಂದ್ರ’ ಎಣಿಸೋದು ಹೆಂಗ? ವೇಗ ಅಳೆಯೋದು ಹೆಂಗ?

ಪ್ರಶ್ನೆ (ಬಾಗಲಕೋಟೆ): ನಮಸ್ಕಾರ ಮೇಡಂ. ದಾಳಿಂಬಿಗೆ ಹನಿ ನೀರಾವರಿ ಬಗ್ಗೆ ನಮ್ಮ ಅಧಿಕಾರಿಯೊಬ್ಬರು 12 ನಿಮಿಷ ಮಾತಾಡಿದ ವಿಡಿಯೊ ಐತ್ರಿ. ಯೂಟ್ಯೂಬಿಗೆ ಹಾಕೂದಕ್ಕಿಂತ ಮೊದಲು ಅವರಿಗೆ ತಿದ್ದುಪಡಿ ಹೇಳಬೇಕು. ತಂತ್ರಾಂಶ ಬರೆದುಕೊಟ್ಟ ಪಠ್ಯದಾಗ ‘ಆ…’ ಅನ್ನೋದು ಒಂದೂ ಇಲ್ಲ, ಕಿವಿಗೆ ಮಾತ್ರ ಭಾಳ ಕೇಳತಾವ. ನಿಮಿಷಕ್ಕ 98 ಪದ ಬಂತು. 130ರಿಂದ 150 ಇರಬೇಕಂತ ಓದೀನಿ. ಇನ್ನೂ ವೇಗವಾಗಿ ಮಾತಾಡ್ರಿ ಅಂತ ಹೇಳಲೇನ್ರಿ?

ಉತ್ತರ (ಭಾಷಣ ತರಬೇತುದಾರರು, ಬೆಳಗಾವಿ): ಹೇಳಬೇಡಿ. ಆ 130–150 ಇಂಗ್ಲಿಷ್ ಮಾತಿನ ಲೆಕ್ಕ. ‘ತೋಟಕ್ಕೆ ಹೋಗಬೇಕಾಗಿತ್ತು’ ಅನ್ನೋದು ನಮ್ಮಲ್ಲಿ ಎರಡೇ ಪದ, ಇಂಗ್ಲಿಷಿನಲ್ಲಿ ಆರಾದರೂ ಆಗುತ್ತೆ. ತಂತ್ರಾಂಶ ಅದನ್ನೇ ‘ಹೋಗ ಬೇಕಾಗಿತ್ತು’ ಅಂತ ಒಡೆದು ಬರೆದರೆ ಮಾತು ಬದಲಾಗದೆ ಪದ ಮೂರಾಗುತ್ತೆ. ಅದಕ್ಕೇ ಪದ ಬಿಟ್ಟು ಅಕ್ಷರ ಎಣಿಸಿ. ಸ್ವರ, ವ್ಯಂಜನ ಎಲ್ಲ ಕೂಡಿಸಿ, ಅರ್ಧಾಕ್ಷರದ ಗುರುತುಗಳನ್ನು ಕಳೆದರೆ ಸಾಕು:

```python
import re
def akshara(t):
    return len(re.findall("[ಅ-ಔಕ-ಹ]", t)) - t.count("್")
```

ಮೇಲಿನ ಎರಡು ಪದಕ್ಕೆ 9 ಬರುತ್ತೆ, ಒಡೆದು ಬರೆದರೂ 9. ಅಂಕಿ ಇದ್ದರೆ ಮೊದಲು ಅಕ್ಷರದಲ್ಲಿ ಬರೆದುಕೊಳ್ಳಿ. ‘16 ಲೀಟರ್’ ಹಾಗೇ ಬಿಟ್ಟರೆ ‘ಹದಿನಾರು’ ಲೆಕ್ಕಕ್ಕೇ ಬರೋದಿಲ್ಲ.

ಇನ್ನು ‘ಆ…’. ಇಂಥ ತಂತ್ರಾಂಶಗಳು ಹೆಚ್ಚಾಗಿ ತಿದ್ದಿ ಬರೆದ ಪಠ್ಯ ನೋಡಿ ಕಲಿತವು, ಹಾಗಾಗಿ ಅದನ್ನು ನುಂಗಿಬಿಡುತ್ತವೆ. ಕಿವಿಯಿಂದಲೇ ಗುರುತಿಸಬೇಕು. ಪೂರ್ತಿ 12 ನಿಮಿಷ ಬೇಡ. ಶುರು, ನಡು, ಕೊನೆಯಿಂದ ಎರಡೆರಡು ನಿಮಿಷ ಸಾಕು. ಆಡಾಸಿಟಿ ಅನ್ನೋ ಧ್ವನಿ ಸಂಕಲನ ತಂತ್ರಾಂಶದಲ್ಲಿ ಧ್ವನಿ ಓಡುತ್ತಿರುವಾಗಲೇ `Ctrl+M` ಒತ್ತಿದರೆ ಆ ಕ್ಷಣದಲ್ಲಿ ಗುರುತು ಬೀಳುತ್ತೆ. ಪ್ರತಿ ‘ಆ…’ಗೆ ಒಂದು ಗುರುತು. ಆಮೇಲೆ ಗುರುತುಗಳನ್ನು ಪಠ್ಯ ಕಡತವಾಗಿ ಹೊರತೆಗೆದರೆ ಸಮಯಗಳೂ ಸಿಗುತ್ತವೆ. ನಡುವಿನ ಎರಡು ನಿಮಿಷ ಮಾಡಿ, ಸ್ಲೈಡ್ ಬದಲಾದ ಸಮಯಗಳನ್ನೂ ಬರೆದು, ಇಲ್ಲಿ ಹಾಕಿ.

ಇನ್ನೊಬ್ಬರು (ವಿಡಿಯೊ ಸಂಕಲನ, ವಿಜಯಪುರ): ಇಷ್ಟೆಲ್ಲ ಯಾಕ್ರಿ? ‘ಆ…’ ಇದ್ದಲ್ಲಿ ಕತ್ತರಿ ಹಾಕಿದ್ರ ಮುಗೀತು. ನಾನು ಹಂಗ ಮಾಡತೀನಿ. ಕತ್ತರಿಸಿದಲ್ಲಿ ಮುಖ ಜಿಗಿದಂಗ ಕಂಡ್ರ ಅದರ ಮ್ಯಾಲ ಸ್ಲೈಡ್ ಹಾಕಿ ಮುಚ್ಚಿಬಿಡ್ರಿ.

ತರಬೇತುದಾರರು: ಈ ವಿಡಿಯೊ ಚಂದ ಆಗುತ್ತೆ ಸರ್. ಆದರೆ ಇವರು ಕೇಳಿದ್ದು ಮಾತಾಡುವವರನ್ನು ತಿದ್ದುವ ಬಗ್ಗೆ.

ಇನ್ನೊಬ್ಬರು (ಪ್ರೌಢಶಾಲಾ ಶಿಕ್ಷಕರು, ಬಾಗಲಕೋಟೆ): ‘ಆ…’ ಬಿಡ್ರಿ, ‘ಅಂದ್ರ’ಕ್ಕ ಕಿವಿ ಬ್ಯಾಡ. ಪಠ್ಯದಾಗ ಹುಡುಕಿದ್ರ ಎಣಿಕೆ ತಾನ ಬರತೈತಿ.

ತರಬೇತುದಾರರು: ಹುಡುಕೋದು ಸರಿ, ಎಣಿಕೆ ಅಲ್ಲಿಗೆ ಮುಗಿಯೋದಿಲ್ಲ. ತಂತ್ರಾಂಶ ಅದನ್ನು ‘ಅಂದ್ರ’, ‘ಅಂದ್ರೆ’, ‘ಅಂದರೆ’ ಅಂತ ಮೂರು ಥರ ಬರೆದಿರುತ್ತೆ, ಮೂರನ್ನೂ ಹುಡುಕಿ. ಆಮೇಲೆ ಒಂದೊಂದನ್ನೂ ತೆಗೆದು ಓದಿ. ‘ನೀರು ಬಿಟ್ಟಿಲ್ಲ ಅಂದ್ರ ಹೂ ಉದುರತಾವ’ ಇದರಲ್ಲಿ ತೆಗೆದರೆ ವಾಕ್ಯ ಮುರಿಯುತ್ತೆ, ಅದು ಬೇಕಾದ ಮಾತು. ‘ಈ ಮಣ್ಣು ಅಂದ್ರ ಕರಿ ಮಣ್ಣು ಅಂದ್ರ ನೀರು ಹಿಡಿದಿಡತೈತಿ’ ಇದರಲ್ಲಿ ಎರಡನೆಯದನ್ನು ತೆಗೆದರೂ ಅರ್ಥ ನಿಲ್ಲುತ್ತೆ. ಅದನ್ನು ಮಾತ್ರ ಎಣಿಸಿ.

ಪ್ರಶ್ನೆ ಕೇಳಿದವರು: ಮಾಡೀನ್ರಿ. ಎರಡು ನಿಮಿಷಕ್ಕ 686 ಅಕ್ಷರ. ‘ಅಂದ್ರ’ 14, ಅದರಾಗ 5 ಬ್ಯಾಡಾದವು. ‘ಆ…’ 11, ಅದರಾಗ 8 ಸ್ಲೈಡ್ ಬದಲಾದ ಮೂರು ಸೆಕೆಂಡಿನೊಳಗ. ಮಾತು ನಿಂತ ಜಾಗ ಎಲ್ಲಾ ಕೂಡಿಸಿದ್ರ 22 ಸೆಕೆಂಡ್.

ತರಬೇತುದಾರರು: ಇದರಲ್ಲೇ ಉತ್ತರ ಇದೆ. 120ರಲ್ಲಿ 22 ಕಳೆದರೆ ಮಾತಾಡಿದ್ದು 98 ಸೆಕೆಂಡ್, ಅಂದರೆ ಸೆಕೆಂಡಿಗೆ 7 ಅಕ್ಷರ. ನಿಧಾನದ ಮಾತಲ್ಲ ಇದು. ನಿಲ್ಲೋದೇ ಕಮ್ಮಿ. ಇಂಥವರಿಗೆ ಇನ್ನೂ ವೇಗವಾಗಿ ಮಾತಾಡಿ ಅಂದರೆ ಲೀಟರ್, ಗಂಟೆಗಳ ಲೆಕ್ಕ ರೈತರ ಕಿವಿಗೇ ಬೀಳೋದಿಲ್ಲ. ಪ್ರಮಾಣ ಹೇಳಿದ ಮೇಲೆ ಒಂದು ಸೆಕೆಂಡ್ ಪೂರ್ತಿ ನಿಲ್ಲಲು ಹೇಳಿ. 7 ಹೆಚ್ಚೋ ಕಮ್ಮಿಯೋ ಅಂತ ಬೇರೆಯವರ ಜೊತೆ ಹೋಲಿಸಬೇಡಿ. ಅವರದೇ ಮಾತು ತಿಳಿಯಾಗಿ ಸಾಗಿದ ಅರ್ಧ ನಿಮಿಷ ಹುಡುಕಿ, ಅದೇ ಅಳತೆ.

ಬೇಡದ ಮಾತು 5 ಮತ್ತು 11, ಒಟ್ಟು 16, ನಿಮಿಷಕ್ಕೆ 8. ಈ ಸಂಖ್ಯೆಗಿಂತ ಸ್ಲೈಡ್ ಬದಲಾದಾಗ ಬಂದ ಆ ಎಂಟು ‘ಆ…’ಗಳೇ ದೊಡ್ಡ ಸುಳಿವು. ಸ್ಲೈಡ್ ಬಂದ ಮೇಲೆ ಅವರು ಅದನ್ನು ಓದಿಕೊಳ್ಳುತ್ತಿದ್ದಾರೆ, ಆ ಖಾಲಿಯಲ್ಲಿ ‘ಆ…’ ಬರುತ್ತೆ. ‘ಆ ಅನ್ನಬೇಡ್ರಿ’ ಅಂದರೆ ಗಾಬರಿಯಾಗಿ ಇನ್ನೂ ಹೆಚ್ಚಬಹುದು. ಪ್ರತಿ ಸ್ಲೈಡಿನ ಮೊದಲ ವಾಕ್ಯ ಬಾಯಿಪಾಠ ಇರಲಿ. ಹಿಂದಿನ ಸ್ಲೈಡ್ ಇರುವಾಗಲೇ ಅದನ್ನು ಶುರು ಮಾಡಿ, ಆಮೇಲೆ ಗುಂಡಿ ಒತ್ತಲಿ. ಮತ್ತೆ ರೆಕಾರ್ಡ್ ಮಾಡಿ ಇದೇ ಭಾಗ ಎಣಿಸಿ.

ಶಿಕ್ಷಕರು: ‘ನೋಡ್ರಿ’ ಏನ್ ಮಾಡೂದ್ರಿ? ತೆಗೆದು ಓದಿದ್ರ ಅರ್ಥ ನಿಲ್ಲತೈತಿ. ನಿಮ್ಮ ಪ್ರಕಾರ ಅದೂ ಬ್ಯಾಡಾದ್ದೇ.

ತರಬೇತುದಾರರು: ಅಲ್ಲಿ ನನ್ನ ಪರೀಕ್ಷೆ ಸಾಲೋದಿಲ್ಲ, ಒಪ್ಪುತ್ತೇನೆ. ಮುಖ್ಯ ಮಾತಿಗೆ ಮೊದಲು ಬಂದ ‘ನೋಡ್ರಿ’ ಕೇಳುವವರನ್ನು ಕರೆಯುತ್ತೆ. ನಾನು ಅದನ್ನು ಬೇರೆ ಕಾಲಂನಲ್ಲಿ ಬರೆಯುತ್ತೇನೆ, ಒಟ್ಟಿಗೆ ಕೂಡಿಸೋದಿಲ್ಲ.

ಪ್ರಶ್ನೆ ಕೇಳಿದವರು: ನಮ್ಮ ಸಾಹೇಬರು ವಾಕ್ಯಕ್ಕೊಂದು ‘ನೋಡ್ರಿ’ ಅಂತಾರ. ನಾನಂತೂ ಕೂಡಿಸತೀನ್ರಿ.