ಅಪ್‌ಡೇಟ್: ತೊಗರಿ ವರದಿಯ ಶೇಕಡಾ 95 ಬಂದಿದ್ದು ಯಾಕೆ

ನಾನು ಕೇಳಿದ್ದು: "ಕಲಬುರಗಿಯ ನಮ್ಮ ಮಿಲ್‌ಗೆ ಬಂದ ತೊಗರಿಯ ಊರುವಾರು ಶೇಕಡಾ ಕೂಡಿಸಿದರೆ 100 ಬರುತ್ತಿಲ್ಲ, 95 ಬರುತ್ತಿದೆ. ಇದು ರೌಂಡಿಂಗ್ ತಪ್ಪಾ?"

ಎಲ್ಲಾ ರೌಂಡಿಂಗ್ ಅಲ್ಲ. ಪೂರ್ಣ ಸಂಖ್ಯೆಗೆ ರೌಂಡ್ ಮಾಡಿದಾಗ ಒಂದು ಸಾಲಿನಲ್ಲಿ ಹೆಚ್ಚೆಂದರೆ ಅರ್ಧ ವ್ಯತ್ಯಾಸ ಆಗುತ್ತದೆ. ವರದಿಯಲ್ಲಿ ಇದ್ದದ್ದು ಐದು ಸಾಲು, ಅಂದರೆ ಮಿತಿ 2.5. ನನ್ನದು 5 ಕಡಿಮೆ! ಕಾಟಾ ಪುಸ್ತಕ ತೆಗೆದು ನೋಡಿದೆ, ಒಟ್ಟು 1000 ಕ್ವಿಂಟಲ್. ಸಣ್ಣ ಊರೊಂದರ 32 ಕ್ವಿಂಟಲ್ ವರದಿಗೆ ಬಂದೇ ಇರಲಿಲ್ಲ.

ಅದನ್ನು ಸೇರಿಸಿದ ಮೇಲೆ ಶೇಕಡಾ ಹೀಗಿವೆ: 31.4, 22.4, 18.3, 13.4, 11.3, 3.2. ಕೂಡಿಸಿದರೆ ಸರಿಯಾಗಿ 100. ರೌಂಡ್ ಮಾಡಿದರೆ 98. ಆರೂ ಕೆಳಕ್ಕೇ ಇಳಿದಿವೆ ನೋಡಿ, ಅದಕ್ಕೇ 2 ಹೋಯಿತು. ಆರು ಸಾಲಿಗೆ ಮಿತಿ 3, ಹಾಗಾಗಿ ಇದು ಬರೀ ರೌಂಡಿಂಗ್.

ಈಗ ಎರಡು ಸೂತ್ರ ಇಟ್ಟುಕೊಂಡಿದ್ದೇನೆ. B ಯಲ್ಲಿ ಕ್ವಿಂಟಲ್, C ಯಲ್ಲಿ ರೌಂಡ್ ಮಾಡದ ಶೇಕಡಾ, B8 ರಲ್ಲಿ ಕಾಟಾ ಪುಸ್ತಕದ ಒಟ್ಟು.

```
=B8-SUM(B2:B7)
=100-SUMPRODUCT(ROUND(C2:C7,0))
```

ಮೊದಲನೆಯದು 0 ಬರಲೇಬೇಕು. ಎರಡನೆಯದನ್ನು ಮಾತ್ರ ನಂಬಬೇಡಿ. ಶೇಕಡಾ 1ರ ಸಾಲು ಬಿಟ್ಟುಹೋದರೆ ಅದು ಮಿತಿಯೊಳಗೇ ಅಡಗಿಬಿಡುತ್ತದೆ.

ಸಾಹುಕಾರರು "ಸುಮ್ನೆ ಎಲ್ಲಾದರೂ 2 ಸೇರಿಸು" ಅಂದರು. ಸೇರಿಸುವುದಾದರೆ ಹೆಚ್ಚು ದಶಮಾಂಶ ಕಳೆದುಕೊಂಡವರಿಗೆ ಕೊಡಬೇಕು. ಆದರೆ .4 ಕಳೆದುಕೊಂಡ ಊರು ಮೂರಿವೆ, ಕೊಡಲು ಇರುವುದು ಎರಡೇ. ಯಾರನ್ನು ಬಿಡಲಿ? ಕೊನೆಗೆ ಒಂದು ದಶಮಾಂಶ ಉಳಿಸಿಯೇ ಪ್ರಿಂಟ್ ತೆಗೆದೆ.