ಬೇಕೆಂದೇ ತಲೆ ಸುತ್ತಿಸಿಕೊಂಡರೂ ಭಯ ಇಳಿಯುತ್ತಿಲ್ಲ, ಯಾಕೆ?

ಪ್ರಶ್ನೆ: ನನಗೆ ಪ್ಯಾನಿಕ್ ಅಟ್ಯಾಕ್ ಬರುತ್ತೆ. ತಲೆ ಸುತ್ತಿದರೆ ಬಿದ್ದೇ ಬಿಡ್ತೀನಿ ಅನ್ನೋ ಭಯ. ಕಿವಿ, ಬಿಪಿ, ಇಸಿಜಿ ಎಲ್ಲ ಸರಿಯಿದೆ ಅಂತ ಡಾಕ್ಟರ್ ಹೇಳಿದ್ದಾರೆ. ಥೆರಪಿಸ್ಟ್ ಹೇಳಿದ ಹಾಗೆ ದಿನಾ ತಿರುಗುವ ಕುರ್ಚಿಯಲ್ಲಿ 1 ನಿಮಿಷ ಸುತ್ತುತ್ತೀನಿ. ಎದ್ದ ಕೂಡಲೇ ಮೇಜು ಹಿಡ್ಕೊಂಡು, ಕಣ್ಣು ಮುಚ್ಚಿ, ಉಸಿರು ನಿಧಾನ ಮಾಡ್ತೀನಿ. ಆದ್ರೂ ಭಯ ಹಾಗೇ ಇದೆ.

ಸದಸ್ಯೆ: ನನಗೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದ್ರೆ ಕೋಣೆಯೇ ಗಿರ್ರನೆ ತಿರುಗುತ್ತೆ. ನಾನೂ ಕುರ್ಚಿಯಲ್ಲಿ ಸುತ್ತಲಾ?

ಇನ್ನೊಬ್ಬ ಸದಸ್ಯರು: ಸರ್, ಮೇಜು ಬಿಟ್ಟುಬಿಡಿ, ಉಸಿರಾಟ ಮಾತ್ರ ಬಿಡಬೇಡಿ. ತಲೆಸುತ್ತು ಬೇಗ ಇಳಿದ್ರೆ ಭಯ ತಾನಾಗೇ ಹೋಗುತ್ತೆ.

ಕ್ಲಿನಿಕಲ್ ಸೈಕಾಲಜಿಸ್ಟ್: ಮೇಜಿನ ಬಗ್ಗೆ ಅವರು ಹೇಳಿದ್ದು ಸರಿ. ಉಸಿರಾಟದ ಬಗ್ಗೆ ನಾನು ಒಪ್ಪುವುದಿಲ್ಲ. ತಲೆಸುತ್ತನ್ನು ಇಳಿಸುವುದು ಇಲ್ಲಿನ ಕೆಲಸವಲ್ಲ. ಅದು ಇದ್ದಾಗಲೂ ನೀವು ಬೀಳುವುದಿಲ್ಲ ಎಂಬುದು ನಿಮಗೇ ಕಾಣಬೇಕು. ಮೇಜು ಹಿಡಿದಿದ್ದರೆ "ಹಿಡಿದಿದ್ದಕ್ಕೇ ಉಳಿದೆ" ಎಂದು ಮನಸ್ಸು ಲೆಕ್ಕ ಹಾಕುತ್ತದೆ. ನಿಧಾನ ಉಸಿರೂ ಹಾಗೆಯೇ ಇನ್ನೊಂದು ಊರುಗೋಲಾಗುತ್ತದೆ.

ಸಾಮಾನ್ಯವಾಗಿ ಎಚ್ಚರ ತಪ್ಪುವುದು ಬಿಪಿ ಇಳಿದಾಗ. ಪ್ಯಾನಿಕ್‌ನಲ್ಲಿ ಬಿಪಿ ಇಳಿಯುವ ಬದಲು ಏರುವುದೇ ಹೆಚ್ಚು. ರಕ್ತ, ಸೂಜಿ ಕಂಡರೆ ಕುಸಿಯುವವರ ಕಥೆ ಬೇರೆ.

ಹೀಗೆ ಮಾಡಿ. ಸುತ್ತುವ ಮೊದಲು ಬರೆದಿಡಿ: "ಬೀಳುವ ಸಾಧ್ಯತೆ ನೂರಕ್ಕೆ 80." 1 ನಿಮಿಷ ಸುತ್ತಿ ಎದ್ದು, ಏನನ್ನೂ ಮುಟ್ಟದೆ, ಕಣ್ಣು ತೆರೆದೇ ನಿಲ್ಲಿ. ಉಸಿರು ಹೇಗಿದೆಯೋ ಹಾಗೇ ಇರಲಿ. ಆಮೇಲೆ ತಲೆಸುತ್ತಿಗೂ ಭಯಕ್ಕೂ ಬೇರೆಬೇರೆಯಾಗಿ ಹತ್ತರಲ್ಲಿ ಅಂಕ ಕೊಟ್ಟು, ನಿಜವಾಗಿ ಆಗಿದ್ದೇನೆಂದು ಬರೆಯಿರಿ. ತಲೆಸುತ್ತು ಸ್ವಲ್ಪ ತಗ್ಗಿದೊಡನೆ ಮತ್ತೆ ಸುತ್ತಿ. ಒಂದೇ ಕೂರಿಕೆಯಲ್ಲಿ ನಾಲ್ಕೈದು ಸಲ. ದಿನಕ್ಕೊಂದೇ ಸಲ ಮಾಡಿ ನಿಲ್ಲಿಸಿದರೆ ಕಲಿಕೆ ಕೂಡಿಕೊಳ್ಳುವುದು ಕಷ್ಟ.

ತಲೆಸುತ್ತು 7ರಲ್ಲೇ ನಿಂತು ಭಯ 8ರಿಂದ 4ಕ್ಕೆ ಬಂದರೆ ಅಭ್ಯಾಸ ಹಿಡಿಯುತ್ತಿದೆ. ಎರಡೂ ಒಟ್ಟಿಗೇ ಇಳಿದಿದ್ದರೆ ನೀವು ಮೆತ್ತಗೆ ಸುತ್ತುತ್ತಿದ್ದೀರೇನೋ, ನೋಡಿ. ನಿಮ್ಮ ಅಟ್ಯಾಕ್‌ನ ತಲೆಸುತ್ತು ಕುರ್ಚಿಯದಕ್ಕಿಂತ ಬೇರೆ ಥರ ಅನಿಸಿದರೆ, 1 ನಿಮಿಷ ಬಾಯಿಂದ ಜೋರಾಗಿ, ವೇಗವಾಗಿ ಉಸಿರಾಡುವುದು ಹೆಚ್ಚು ಹೊಂದಬಹುದು. ಅದನ್ನು ಮೊದಲ ಸಲ ಥೆರಪಿಸ್ಟ್ ಎದುರೇ ಮಾಡಿ. ಮೂರ್ಛೆರೋಗ, ಹೃದ್ರೋಗ, ಅಸ್ತಮಾ ಇದ್ದವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು.

ಹಾಸಿಗೆಯಲ್ಲಿ ತಲೆ ತಿರುಗುತ್ತೆ ಅಂದವರೇ, ನೀವು ಸುತ್ತಬೇಡಿ. ಅದು ಒಳಕಿವಿಯ ತೊಂದರೆ ಇರಬಹುದು, ಮೊದಲು ಇಎನ್‌ಟಿ ಡಾಕ್ಟರಿಗೆ ತೋರಿಸಿ.

ಪ್ರಶ್ನೆ ಕೇಳಿದವರು: ಜೇಬಲ್ಲಿ ಯಾವಾಗ್ಲೂ ಒಂದು ಮಾತ್ರೆ ಇಟ್ಕೊಂಡಿರ್ತೀನಿ, ನುಂಗಲ್ಲ. ಅದೂ ಊರುಗೋಲಾ ಮೇಡಂ?

ಕ್ಲಿನಿಕಲ್ ಸೈಕಾಲಜಿಸ್ಟ್: ಹೌದು. ಅಭ್ಯಾಸದ ಹೊತ್ತಿಗೆ ಬೇರೆ ಕೋಣೆಯಲ್ಲಿಡಿ. ದಿನಾ ನುಂಗುವ ಮಾತ್ರೆ ಇದ್ದರೆ ಅದನ್ನು ಮಾತ್ರ ನೀವಾಗೇ ನಿಲ್ಲಿಸಬೇಡಿ, ಬರೆದುಕೊಟ್ಟವರ ಜೊತೆ ಮಾತಾಡಿ.

ಇನ್ನೊಬ್ಬ ಸದಸ್ಯರು: ಮೇಡಂ, ನನಗೆ ಗುಣವಾಗಿದ್ದು ನಿಧಾನ ಉಸಿರಾಟದಿಂದಲೇ.

ಕ್ಲಿನಿಕಲ್ ಸೈಕಾಲಜಿಸ್ಟ್: ಇರಬಹುದು, ಅದರಿಂದ ನೆಮ್ಮದಿ ಸಿಗುವುದು ನಿಜ. ಒಂದೇ ಒಂದು ಸಲ ಅದಿಲ್ಲದೆ ತಲೆ ಸುತ್ತಿಸಿಕೊಂಡು, ಭಯಕ್ಕೆ ಎಷ್ಟು ಅಂಕ ಬಂತು ಅಂತ ಇಲ್ಲಿ ಹಾಕ್ತೀರಾ?